ಮುಡಿ, ಮುಡಿಪು, ನಂಬಿಕೆ

ಯಾತ್ರೆ ಮುಗಿಸಿ ಬಂದವರನ್ನು "ದರ್ಶನ ಚೆನ್ನಾಗಿ ಆಯಿತೆ?" ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. "ನಂಬಿ ಹೋಗಿದ್ದಿರಾ?" ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವಿನಯವಾದೀತು. ಹೋದದ್ದೇ ನಂಬಿಕೆಗೆ ಸಾಕ್ಷಿ ಎಂದು ನಾವು ಎಣಿಸಿಬಿಡುತ್ತೇವೆ. ಆದರೆ ಯಾವ ಯಾತ್ರೆಯನ್ನು ಬಿಚ್ಚಿ ನೋಡಿದರೂ ಅದರಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುವುದು ಕಾಣುತ್ತದೆ: ಒಂದು ವಿಧಿ, ಇನ್ನೊಂದು ರೂಢಿ, ಮತ್ತೊಂದು ನಂಬಿಕೆ. ದೂರದಿಂದ ನೋಡುವವರಿಗೆ ಅದು ಒಂದೇ ಹಗ್ಗ. ಹಗ್ಗದ ಮೇಲೆ ಭಾರ ಬಿದ್ದಾಗಲೇ ಯಾವ ಎಳೆ ಎಷ್ಟು ತಡೆಯುತ್ತದೆಂಬುದು ತಿಳಿಯುವುದು.

ನಮ್ಮ ಮನೆಯಲ್ಲಿ ಆ ಭಾರ ಬಿದ್ದದ್ದು ತಿರುಪತಿಯ ಒಂದು ಹರಕೆಯಿಂದ. ನನ್ನ ತಮ್ಮ ಒಂಬತ್ತು ವರ್ಷದವನಾಗಿದ್ದಾಗ ವಿಷಮಶೀತಜ್ವರ ಬಂದು ಮೂರು ವಾರ ಮಲಗಿದ್ದ. ಆಗ ನಮ್ಮ ತಾಯಿ ಅರಿಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ, ಮಗು ಎದ್ದು ಓಡಾಡಿದರೆ ಬೆಟ್ಟದಲ್ಲಿ ಮುಡಿ ಕೊಡಿಸುತ್ತೇನೆಂದು ಹರಸಿಕೊಂಡರು. ಮಗು ಎದ್ದಿತು, ಹರಕೆ ಮಾತ್ರ ಒಂದಲ್ಲ ಒಂದು ಕಾರಣದಿಂದ ಮುಂದೆ ಹೋಯಿತು. ಶ್ರಾವಣ ಶನಿವಾರ ಬಂದಾಗಲೆಲ್ಲ ತಾಯಿ ಆ ಮುಡಿಪಿಗೆ ಇನ್ನೊಂದು ನಾಣ್ಯ ಸೇರಿಸುತ್ತಿದ್ದರು. ಅದು ತಪ್ಪು ಕಾಣಿಕೆ, ತಡವಾದುದಕ್ಕೆ. ಈಗ ತಮ್ಮನಿಗೆ ನಲವತ್ತು ದಾಟಿದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾನೆ. ದೇವರನ್ನು ನಂಬುವುದಿಲ್ಲ; ನಂಬುವವರ ಮೇಲೆ ಮುನಿಸೂ ಇಲ್ಲ. ಕಳೆದ ವರ್ಷ ತಾಯಿಗೆ ಎಂಬತ್ತು ತುಂಬಿದಾಗ ಅವರು ಬೇರೇನೂ ಕೇಳಲಿಲ್ಲ. "ಆ ಹರಕೆ ತೀರಿಸಿಬಿಡೋಣ" ಎಂದರು.

ಹೀಗೆ ನಾವು ಏಳು ಜನ ಹೊರಟೆವು. ರೂಢಿ ಮನೆಯ ಬಾಗಿಲಿನಲ್ಲಿಯೇ ಜೊತೆಗೂಡಿತು. ಪುಳಿಯೋಗರೆ ಕಟ್ಟಿಕೊಳ್ಳಲೇಬೇಕು; ಬೆಟ್ಟದಿಂದ ಇಳಿದ ಮೇಲೆ ಯಾವ ನೆಂಟರ ಮನೆಗೂ ಹೋಗದೆ ನೇರವಾಗಿ ನಮ್ಮ ಮನೆಗೇ ಬರಬೇಕು. ಏಕೆಂದು ಕೇಳಿದರೆ "ಹಿರಿಯರು ಹಾಗೆ ಮಾಡುತ್ತಿದ್ದರು" ಎನ್ನುವುದಕ್ಕಿಂತ ಹೆಚ್ಚಿನ ಉತ್ತರವಿಲ್ಲ. ಬೆಟ್ಟದ ಮೇಲೆ ಮೊದಲು ಪುಷ್ಕರಿಣಿಯ ದಡದ ವರಾಹಸ್ವಾಮಿಯ ದರ್ಶನ, ಆಮೇಲೆ ಶ್ರೀನಿವಾಸನದು ಎಂಬ ಕ್ರಮ ಮೇಲುನೋಟಕ್ಕೆ ಇಂಥದೇ. ಆದರೆ ಅದು ಬೇರೆ ಜಾತಿಯದು. ಬೆಟ್ಟ ಮೊದಲು ವರಾಹನದಾಗಿತ್ತು, ಶ್ರೀನಿವಾಸ ಅವನಿಂದ ಸ್ಥಳ ಬೇಡಿ ಪಡೆದ, ಪ್ರತಿಯಾಗಿ ಮೊದಲ ಪೂಜೆ, ಮೊದಲ ನೈವೇದ್ಯ ನಿನಗೇ ಎಂದು ಒಪ್ಪಿದ ಎಂದು ಸ್ಥಳಪುರಾಣ ಹೇಳುತ್ತದೆ. ಆ ಕಥೆಯನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಅಲ್ಲಿ ಕ್ರಮಕ್ಕೊಂದು ಕಾರಣ ಹೇಳಲಾಗಿದೆ. ಅದು ಎಲ್ಲ ಯಾತ್ರಿಕರಿಗೂ ಸಲ್ಲುತ್ತದೆ. ಪುಳಿಯೋಗರೆ ನಮ್ಮ ಮನೆಗೆ ಮಾತ್ರ ಸಲ್ಲುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆಯಿದೆ: ಅದನ್ನು ಬಿಟ್ಟರೆ ಏನಾಗುತ್ತದೆ ಎಂದು ನೋಡುವುದು. ರೂಢಿ ತಪ್ಪಿದರೆ ಮನಸ್ಸಿಗೆ ಏನೋ ಒಂದು ಕಸಿವಿಸಿ, ಅಷ್ಟೆ, ಅದಕ್ಕೆ ಪರಿಹಾರವೆಂಬುದಿಲ್ಲ. ವಿಧಿ ತಪ್ಪಿದರೆ ಪ್ರಾಯಶ್ಚಿತ್ತವುಂಟು; ತಪ್ಪನ್ನು ಸರಿಪಡಿಸುವ ದಾರಿಯನ್ನು ವಿಧಿಯೇ ತನ್ನೊಳಗೆ ಇಟ್ಟುಕೊಂಡಿರುತ್ತದೆ. ನಮ್ಮ ತಾಯಿಯ ತಪ್ಪು ಕಾಣಿಕೆ ಅಂಥದು. ಇನ್ನು ನಂಬಿಕೆ ತಪ್ಪಿದರೆ? ಹೊರಗೆ ಏನೂ ಆಗುವುದಿಲ್ಲ. ಗಂಟೆ ಬಾರಿಸುತ್ತಲೇ ಇರುತ್ತೇವೆ, ಕೈ ಮುಗಿಯುತ್ತಲೇ ಇರುತ್ತೇವೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಎಷ್ಟೋ ಸಲ ನಮಗೇ ತಿಳಿದಿರುವುದಿಲ್ಲ.

ನಮ್ಮ ಪೂರ್ವಮೀಮಾಂಸಕರು ಇದಕ್ಕಿಂತ ನಿಷ್ಠುರವಾದ ಇನ್ನೊಂದು ಪರೀಕ್ಷೆಯನ್ನು ಹೇಳಿದ್ದಾರೆ. ಒಂದು ಆಚಾರಕ್ಕೆ ಕಣ್ಣಿಗೆ ಕಾಣುವ ಲೌಕಿಕ ಕಾರಣವಿದ್ದರೆ, ಅದರ ಹಿಂದೆ ಕಾಣದ ಶಾಸ್ತ್ರಪ್ರಮಾಣವಿದೆಯೆಂದು ಊಹಿಸಬೇಕಾಗಿಲ್ಲ ಎಂಬುದು ಜೈಮಿನಿಯ ನಿರ್ಣಯ. ಶಬರಸ್ವಾಮಿ ಅದಕ್ಕೆ ಕೊಡುವ ಉದಾಹರಣೆ ಯಜ್ಞಶಾಲೆಯದೇ: ಹೋಮಕ್ಕೆ ಬಳಸಿದ ವಸ್ತ್ರವನ್ನು ಅಧ್ವರ್ಯು ತೆಗೆದುಕೊಳ್ಳಬೇಕೆಂಬ ಸ್ಮೃತಿಗೆ ಲೋಭವೇ ಮೂಲವಿರಬಹುದಲ್ಲವೆ? ದಾರಿಯಲ್ಲಿ ಒಬ್ಬ ವ್ಯಾಪಾರಿ ನಮ್ಮನ್ನು ತಡೆದು, ತನ್ನ ಅಂಗಡಿಯ ಕರ್ಪೂರವನ್ನು ಅಲ್ಲಿಯೇ ಹಚ್ಚದಿದ್ದರೆ ಯಾತ್ರೆಯ ಫಲವಿಲ್ಲವೆಂದು ಹೇಳಿದ. ನಮ್ಮ ತಾಯಿ ಮೀಮಾಂಸೆ ಓದಿದವರಲ್ಲ. "ಅದು ಅವನ ಹೊಟ್ಟೆಪಾಡು" ಎಂದು ಹೇಳಿ ಮುಂದೆ ನಡೆದರು.

ಆದರೆ ಮುಡಿಯ ಪ್ರಶ್ನೆ ಇಷ್ಟು ಸುಲಭವಾಗಿ ತೀರಲಿಲ್ಲ. ಕಲ್ಯಾಣಕಟ್ಟೆಯ ಸಾಲಿನಲ್ಲಿ ನಿಂತಾಗ ತಮ್ಮ ಕೇಳಿದ: "ಅಮ್ಮಾ, ನಂಬದವನ ಕೂದಲು ನಿನ್ನ ದೇವರಿಗೆ ಏಕೆ?" ತಾಯಿ ಹೇಳಿದರು: "ನಂಬಿಕೆ ನನ್ನದು, ಕೂದಲು ನಿನ್ನದು. ನಿನ್ನ ನಂಬಿಕೆಯನ್ನು ನಾನು ಹರಸಿಕೊಂಡಿಲ್ಲವಲ್ಲಪ್ಪ." ನನ್ನ ಹೆಂಡತಿ ರಾಜಿ ಸೂಚಿಸಿದಳು, ಹೆಂಗಸರು ಕೊಡುವಂತೆ ತುದಿಯ ಮೂರು ಕತ್ತರಿ ಕೂದಲು ಕೊಟ್ಟರೆ ಸಾಲದೆ? ತಾಯಿ ಒಪ್ಪಲಿಲ್ಲ. ಕಾಲು ನೋವಿದ್ದ ದಿನ ನಿತ್ಯಪೂಜೆಯನ್ನು ಒಂದು ತುಳಸಿದಳದಲ್ಲಿ ಮುಗಿಸುವವರು ಇಲ್ಲಿ ಮಾತ್ರ ಏಕೆ ಇಷ್ಟು ಬಿಗಿ ಎಂದು ನನಗೆ ಆಶ್ಚರ್ಯವಾಯಿತು. ಶಾಸ್ತ್ರ ಅವರ ಕಡೆಗೇ ಇತ್ತು. ನಿತ್ಯಕರ್ಮವನ್ನು ಯಥಾಶಕ್ತಿ ಮಾಡಬಹುದು. ಫಲ ಬಯಸಿ ಕೈಗೊಂಡ ಕಾಮ್ಯಕರ್ಮವನ್ನು ಎಲ್ಲ ಅಂಗಗಳೊಡನೆ ಪೂರ್ತಿ ಮಾಡಬೇಕು. ಬೇಡಿ ಪಡೆದ ಮೇಲೆ ಚೌಕಾಶಿ ಸಲ್ಲದು.

ತಮ್ಮನ ಪ್ರಶ್ನೆಗೂ ಮೀಮಾಂಸೆಯಲ್ಲಿ ಉತ್ತರವಿದೆ, ಅದು ಆಸ್ತಿಕರನ್ನು ಬೆಚ್ಚಿಬೀಳಿಸುವಂಥದು. ದೇವತೆಗೆ ಶರೀರವಿಲ್ಲ, ಅದು ಹವಿಸ್ಸನ್ನು ತಿನ್ನುವುದಿಲ್ಲ, ಮೆಚ್ಚಿ ವರ ಕೊಡುವುದೂ ಇಲ್ಲ. ಕರ್ಮವೇ ಪ್ರಧಾನ, ದೇವತೆ ಅದರ ಒಂದು ಅಂಗ ಎಂದು ಶಬರಸ್ವಾಮಿ ವಾದಿಸುತ್ತಾನೆ. ಹಾಗಾದರೆ ವಿಧಿಗೆ ಬೇಕಾದುದು ಸಂಕಲ್ಪ. ಇಲ್ಲಿ ಸಂಕಲ್ಪ ತಾಯಿಯದು, ಯಜಮಾನಿ ಅವರು. ತಮ್ಮ ಕೇವಲ ದ್ರವ್ಯ. ನಂಬಿಕೆಯಿಲ್ಲದೆ ವಿಧಿ ನಿಲ್ಲಬಲ್ಲದೆಂಬುದು ನಾಸ್ತಿಕರು ನಿನ್ನೆ ಮೊನ್ನೆ ಕಂಡುಹಿಡಿದ ಮಾತಲ್ಲ.

ಆದರೂ ಮನುಷ್ಯನನ್ನು ದ್ರವ್ಯವೆಂದು ಎಣಿಸುವಾಗ ಒಂದು ಅಳುಕು ಉಳಿಯುತ್ತದೆ. ಒಂಬತ್ತು ವರ್ಷದ ಹುಡುಗನ ತಲೆ ತಾಯಿಯ ಅಧೀನ. ನಲವತ್ತರ ಗಂಡಸಿನದು ಅವನದೇ. ಅವನ ಒಪ್ಪಿಗೆಯಿಲ್ಲದೆ ಈ ಹರಕೆ ತೀರುವಂತಿರಲಿಲ್ಲ. ತಮ್ಮ ಒಪ್ಪಿದ, ಒಂದು ಕರಾರಿನ ಮೇಲೆ: ಊರಿಗೆ ಹೋದ ಮೇಲೆ "ನಮ್ಮ ಹುಡುಗನಿಗೆ ಕೊನೆಗೂ ಭಕ್ತಿ ಬಂತು" ಎಂದು ಯಾರಿಗೂ ಹೇಳಕೂಡದು. ತಾಯಿ ತಲೆದೂಗಿದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬೋಳುತಲೆಗೆ ಗಂಧ ಹಚ್ಚಿದಾಗ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇದು ಕಪಟವೆ? ಅಲ್ಲವೆಂದು ನನ್ನ ಅಭಿಪ್ರಾಯ. ಇಲ್ಲದ ನಂಬಿಕೆಯನ್ನು ಇದೆಯೆಂದು ತೋರಿಸುವುದಕ್ಕೆ ವಿಧಿಯನ್ನು ಬಳಸಿದಾಗ ಕಪಟ ಹುಟ್ಟುತ್ತದೆ. ತಮ್ಮ ತೋರಿಸಲಿಲ್ಲ, ಆ ಬಾಗಿಲನ್ನು ಕರಾರಿನಿಂದ ಮೊದಲೇ ಮುಚ್ಚಿದ್ದ. ಬದಲಾಗಿ, ಏನೊಂದನ್ನೂ ಯೋಚಿಸದೆ ರೂಢಿಯ ಬಲದಿಂದ ಮುಡಿ ಕೊಟ್ಟು, ಅದನ್ನೇ ಭಕ್ತಿಯೆಂದು ತಿಳಿದು ಬರುವವರ ಲೆಕ್ಕ ಇನ್ನೂ ತೊಡಕಿನದು.

ಆದರೆ ಇದಕ್ಕೊಂದು ಎಲ್ಲೆಯೂ ಉಂಟು. ಬಸ್ಸಿನಲ್ಲಿ ಬರುವಾಗ ತಾಯಿ ಮೊಮ್ಮಗನ ಕೆಮ್ಮಿಗಾಗಿ ಹೊಸ ಮುಡಿಪಿನ ಮಾತೆತ್ತಿದರು. ತಮ್ಮ ಮೆಲ್ಲಗೆ ಹೇಳಿದ: "ಅಮ್ಮಾ, ಅವನ ತಲೆಯ ಮೇಲೆ ಸಾಲ ಮಾಡಬೇಡ." ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆಗಲಿ, ಇನ್ನು ಮೇಲೆ ನನ್ನ ತಲೆಯ ಮೇಲೆಯೇ ಹರಸಿಕೊಳ್ಳುತ್ತೇನೆ." ನಂಬಿಕೆಗೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಯಾವ ಶಾಸ್ತ್ರದಲ್ಲಿಯೂ ಕಂಡಿಲ್ಲ. ರೂಢಿಯನ್ನು ಹಿರಿಯರ ಲೆಕ್ಕಕ್ಕೆ ಬರೆಯಬಹುದು, ವಿಧಿಯನ್ನು ಇನ್ನೊಬ್ಬರ ಕೈಯಿಂದ ಮಾಡಿಸಬಹುದು. ನಂಬಿಕೆಯ ಸಾಲವನ್ನು ಮಾತ್ರ ಅವರವರೇ ತೀರಿಸಬೇಕು.