ಬೆಕ್ಕಿನ ಫೋಟೋಗೆ ಏನಂತ ಉತ್ತರ ಕೊಡೋದು?

ಆಫೀಸಿನ ಗ್ರೂಪಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಫೋಟೋ ಬರುತ್ತೆ ಅಂತ ಇಟ್ಕೊಳ್ಳಿ. ಸಹೋದ್ಯೋಗಿಯೊಬ್ಬರು ಅವತ್ತೇ ಮನೆಗೆ ತಂದ ಬಿಳಿ ಬೆಕ್ಕು. ಒಂದು ಕಣ್ಣು ನೀಲಿ, ಇನ್ನೊಂದು ಹಳದಿ. ಫ್ಲ್ಯಾಶ್ ಹಾಕಿ ತೆಗೆದಿದ್ದರಿಂದ ಹಳದಿ ಕಣ್ಣು ಹಸಿರಾಗಿ ಹೊಳೀತಿದೆ, ನೀಲಿ ಕಣ್ಣು ಕೆಂಡದ ಹಾಗೆ ಕೆಂಪಾಗಿದೆ. ಕೆಳಗೆ ಬರೆದಿರೋದು ಒಂದೇ ಸಾಲು: ‘ನಮ್ಮನೆಗೆ ಹೊಸಬ ಬಂದ.’

ಹತ್ತು ನಿಮಿಷದಲ್ಲಿ ಉತ್ತರಗಳು ಶುರುವಾಗುತ್ತವೆ. ‘ಸೋ ಕ್ಯೂಟ್’, ಎರಡು ಹೃದಯ, ಆಮೇಲೆ ಒಬ್ಬರು: ‘ಒಂದು ಕಣ್ಣು ಕೆಂಪಗಿದೆಯಲ್ಲ, ಇನ್ಫೆಕ್ಷನ್ ಇರಬೇಕು.’ ಇನ್ನೊಬ್ಬರು: ‘ಬಿಳಿ ಬೆಕ್ಕಿಗೆ ನೀಲಿ ಕಣ್ಣಿದ್ರೆ ಕಿವಿ ಕೇಳಲ್ಲ, ಚೆಕ್ ಮಾಡ್ಸಿ.’ ಇಬ್ಬರೂ ಕೆಟ್ಟವರಲ್ಲ. ಗೊತ್ತಿದ್ದನ್ನು ಹೇಳದೇ ಇರೋದು ತಪ್ಪು ಅಂತ ಅವರಿಗೆ ಅನ್ನಿಸಿದೆ. ಬರೀ ‘ಚೆನ್ನಾಗಿದೆ’ ಅಂದು ಸುಮ್ಮನಾಗೋದು ಒಂಥರಾ ಜಾರಿಕೊಳ್ಳೋದಲ್ವಾ ಅನ್ನೋ ಪ್ರಶ್ನೆ ಅವರದ್ದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೂ ಮೊದಲು, ಅವರಿಗೆ ನಿಜಕ್ಕೂ ಏನು ಗೊತ್ತು ಅಂತ ನೋಡೋಣ.

ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ, ರೆಟಿನಾದ ಹಿಂದೆ, ಕನ್ನಡಿಯ ಹಾಗೆ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಟೇಪೀಟಮ್ ಅಂತಾರೆ. ಕಡಿಮೆ ಬೆಳಕಲ್ಲೂ ಅವಕ್ಕೆ ಚೆನ್ನಾಗಿ ಕಾಣೋದಕ್ಕೆ ಅದೂ ಒಂದು ಕಾರಣ. ರಾತ್ರಿ ಬೈಕಿನ ಹೆಡ್‌ಲೈಟಿಗೆ ದನದ ಕಣ್ಣು ಹೊಳೆಯೋದೂ ಇದರಿಂದಲೇ. ನೀಲಿ ಕಣ್ಣಿನ ಹಿಂದೆ ಬಣ್ಣದ ಅಂಶ ಕಡಿಮೆ, ಎಷ್ಟೋ ಸಲ ಈ ಪದರವೂ ಇರಲ್ಲ. ಆಗ ಫ್ಲ್ಯಾಶಿನ ಬೆಳಕು ನೇರ ರಕ್ತನಾಳಗಳಿಗೆ ತಾಗಿ ಕೆಂಪಾಗಿ ವಾಪಸ್ ಬರುತ್ತೆ. ಮದುವೆ ಆಲ್ಬಮ್ಮಿನಲ್ಲಿ ನಮ್ಮ ಕಣ್ಣೂ ಕೆಂಪಗೆ ಬರೋದು ಇದೇ ರೀತಿ. ಹಾಗಾಗಿ ಒಂದು ಕಣ್ಣು ಹಸಿರು, ಒಂದು ಕೆಂಪು ಅನ್ನೋದು ಇಂಥ ಬೆಕ್ಕಿನ ಫೋಟೋದಲ್ಲಿ ಬರಬೇಕಾದದ್ದೇ. ಇನ್ಫೆಕ್ಷನ್ ಅಂದವರು ನೋಡಿದ್ದು ಕಾಯಿಲೆಯನ್ನಲ್ಲ, ಫ್ಲ್ಯಾಶನ್ನು.

ಎರಡನೆಯವರ ಮಾತು ಇನ್ನೂ ಕಷ್ಟದ್ದು, ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇದೆ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಕಿವುಡು ಹೆಚ್ಚು ಅನ್ನೋದು ನಿಜ. ಎರಡು ಬಣ್ಣದ ಕಣ್ಣಿದ್ದು ಒಂದೇ ಕಿವಿ ಕೇಳಿಸದಿದ್ದರೆ, ಸಾಮಾನ್ಯವಾಗಿ ಅದು ನೀಲಿ ಕಣ್ಣಿನ ಕಡೆಯ ಕಿವಿ. ಆದರೆ ಇದು ಅಂಥ ಬೆಕ್ಕುಗಳ ಇಡೀ ಗುಂಪಿನ ಬಗ್ಗೆ ಹೇಳುವ ಮಾತು. ಚೆನ್ನಾಗಿ ಕಿವಿ ಕೇಳೋ ಬಿಳಿ ಬೆಕ್ಕುಗಳೂ ಬೇಕಾದಷ್ಟಿವೆ. ಈ ಮನೆಯ, ಈ ಬೆಕ್ಕಿನ ಕಿವಿ ಬಗ್ಗೆ ಫೋಟೋ ಏನೂ ಹೇಳಲ್ಲ. ಒಂದೇ ಕಿವಿ ಕೇಳದಿದ್ದರೆ ಮನೆಯವರಿಗೂ ಸುಲಭಕ್ಕೆ ತಿಳಿಯಲ್ಲ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಗುಂಪಿಗೆ ಅನ್ವಯಿಸೋದನ್ನು ಒಂದು ಜೀವದ ಮೇಲೆ ತೀರ್ಪಿನ ಹಾಗೆ ಎಸೆದಾಗ, ನಮಗೆ ಗೊತ್ತಿರೋದಕ್ಕಿಂತ ಜಾಸ್ತಿ ಹೇಳಿದ ಹಾಗಾಯ್ತು.

ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಒಂದು ಸ್ಕ್ರೀನ್‌ಶಾಟ್ ಕಳಿಸಿ ‘ಯಾಕೆ ಹೀಗಾಯ್ತು ಹೇಳಿ’ ಅಂದರೆ, ಲಾಗ್ ಕಳಿಸಪ್ಪಾ ಅಂತೀವಿ. ಊರಿನಲ್ಲೂ ಅಷ್ಟೇ. ಹಸು ಮೇವು ಬಿಟ್ಟಿದೆ ಅಂದರೆ ಹಿರಿಯರು ಜಗಲಿ ಮೇಲೆ ಕೂತು ರೋಗದ ಹೆಸರು ಹೇಳ್ತಿರಲಿಲ್ಲ. ಕೊಟ್ಟಿಗೆಗೆ ಬಂದು ಕಿವಿ ಮುಟ್ಟಿ ನೋಡ್ತಿದ್ದರು. ಮೂತಿ ಒದ್ದೆ ಇದೆಯಾ, ಮೆಲುಕು ಹಾಕ್ತಿದೆಯಾ, ಸಗಣಿ ಹೇಗಿದೆ ಅಂತ ವಿಚಾರಿಸಿ, ಆಮೇಲೆ ಬಾಯಿ ಬಿಡ್ತಿದ್ದರು.

ಹೇಳಿದರೆ ನಷ್ಟ ಏನು, ತಪ್ಪಾದರೆ ತಪ್ಪಾಗಲಿ ಅಂತ ಕೇಳಬಹುದು. ನಷ್ಟ ಇದೆ, ಯಾಕೆಂದರೆ ರೋಗದ ಹೆಸರು ಒಂಟಿಯಾಗಿ ಬರಲ್ಲ, ಹಿಂದೆಯೇ ಮದ್ದನ್ನೂ ಕರೆದುಕೊಂಡು ಬರುತ್ತೆ. ‘ಇನ್ಫೆಕ್ಷನ್’ ಅಂತ ಓದಿದವರು ಮನೆಯ ಡಬ್ಬದಲ್ಲಿ ಉಳಿದ ತಮ್ಮದೇ ಐ ಡ್ರಾಪ್ಸ್ ಹುಡುಕ್ತಾರೆ. ಅಂಥ ಡ್ರಾಪ್ಸ್‌ಗಳಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತೆ. ಬೆಕ್ಕಿನ ಕಣ್ಣುಗುಡ್ಡೆಯ ಮೇಲೆ ಉಗುರು ತಾಗಿ ಸಣ್ಣ ಗಾಯ ಆಗಿದ್ದರೆ, ಸ್ಟೀರಾಯ್ಡ್ ಅದನ್ನು ಮಾಯಲು ಬಿಡಲ್ಲ, ಆಳ ಮಾಡುತ್ತೆ. ಪಶುವೈದ್ಯರು ಕಣ್ಣಿಗೆ ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕು ಬಿಟ್ಟು ನೋಡೋದು ಇದಕ್ಕೇ. ಗಾಯ ಇದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತೆ. ಅದನ್ನು ನೋಡದೆ ಅವರೂ ಸ್ಟೀರಾಯ್ಡ್ ಬರೆಯಲ್ಲ.

ಹಾಗಾದರೆ ಖುಷಿಯಿಂದ ಉತ್ತರ ಕೊಡೋದು ಅಂದರೆ ‘ಎಷ್ಟು ಹೆಲ್ದಿಯಾಗಿದೆ!’ ಅನ್ನೋದಾ? ಅಲ್ಲ. ನಮ್ಮಲ್ಲಿ ಬಹಳ ಜನ ಗಮನಿಸದ ವಿಷಯ ಇದು: ‘ಆರೋಗ್ಯವಾಗಿದೆ’ ಅನ್ನೋದೂ ರೋಗನಿರ್ಣಯವೇ. ಇನ್ಫೆಕ್ಷನ್ ಅನ್ನೋದಕ್ಕೆ ಎಷ್ಟು ಆಧಾರ ಬೇಕೋ, ಏನೂ ಇಲ್ಲ ಅನ್ನೋದಕ್ಕೂ ಅಷ್ಟೇ ಬೇಕು. ನಾಳೆ ವೈದ್ಯರ ಹತ್ತಿರ ಹೋಗೋಣ ಅಂದುಕೊಂಡಿದ್ದವರು, ‘ಎಲ್ಲರೂ ಚೆನ್ನಾಗಿದೆ ಅಂದ್ರಲ್ಲ’ ಅಂತ ಮುಂದೂಡಬಹುದು. ಸಾಮಾನ್ಯವಾಗಿ ಮಾತಾಡೋದು ಅಂದರೆ ಎರಡೂ ಕಡೆ ಬಾಯಿ ಹಾಕದೇ ಇರೋದು.

ಅಷ್ಟಾದ ಮೇಲೂ ಹೇಳೋಕೆ ಬೇಕಾದಷ್ಟು ಉಳಿಯುತ್ತೆ. ‘ಒಂದು ಕಣ್ಣು ಆಕಾಶ, ಒಂದು ಕಣ್ಣು ಬೆಲ್ಲ! ಏನು ಹೆಸರಿಟ್ರಿ? ರಾತ್ರಿ ನಿದ್ದೆ ಮಾಡೋಕೆ ಬಿಡ್ತಾನಾ?’ ಇದರಲ್ಲಿ ಸುಳ್ಳಿಲ್ಲ. ಕಂಡದ್ದನ್ನೇ ಹೇಳಿದ್ದು, ಕಾಣದ್ದನ್ನು ಕೇಳಿದ್ದು. ಅವರು ಫೋಟೋ ಹಾಕಿದ್ದು ಸಲಹೆ ಬೇಕು ಅಂತಲ್ಲ, ಸಂತೋಷದಲ್ಲಿ ಪಾಲು ಕೊಡೋಕೆ. ಪಾಲು ತಗೊಳ್ಳೋದು ಜಾರಿಕೊಳ್ಳೋದಲ್ಲ.

ಸುಮ್ಮನಿರಬಾರದ ಸಂದರ್ಭವೂ ಇದೆ. ಅದೇ ಫೋಟೋದಲ್ಲಿ, ಬೆಕ್ಕಿನ ಪಕ್ಕದ ಟೇಬಲ್ ಮೇಲೆ, ಲಿಲ್ಲಿ ಹೂವಿನ ಬೊಕ್ಕೆ ಇದ್ದರೆ? ಬೊಕ್ಕೆಗಳಲ್ಲಿ ಬರುವ ದೊಡ್ಡ ಲಿಲ್ಲಿ ಬೆಕ್ಕಿಗೆ ವಿಷ. ಎಲೆ, ಹೂವಿನ ಪುಡಿ, ಹೂದಾನಿಯ ನೀರು ಕೂಡ. ಮೈಗೆ ಅಂಟಿದ ಪುಡಿಯನ್ನು ನೆಕ್ಕಿದರೂ ಸಾಕು, ಒಂದೆರಡು ದಿನದಲ್ಲಿ ಕಿಡ್ನಿ ಕೈಕೊಡಬಹುದು. ಆಗ ಕಾಯಬಾರದು, ಗ್ರೂಪಿನಲ್ಲಿ ಪಾಠ ಮಾಡೋದೂ ಬೇಡ. ನೇರ ಫೋನ್ ಮಾಡಿ ‘ಆ ಹೂವು ತೆಗೆದು ಆಚೆ ಇಡಿ, ಅದು ಕಚ್ಚಿದ್ದೋ ನೆಕ್ಕಿದ್ದೋ ನೋಡಿದ್ರೆ ಈಗಲೇ ಡಾಕ್ಟರ್ ಹತ್ರ ಹೋಗಿ, ವಾಂತಿ ಆಗ್ಲಿ ಅಂತ ಕಾಯ್ಬೇಡಿ’ ಅಂದರೆ ಮುಗೀತು. ಇಲ್ಲಿ ಬೆಕ್ಕಿನ ದೇಹದ ಬಗ್ಗೆ ನಾವು ಏನೂ ಊಹಿಸಿಲ್ಲ. ಟೇಬಲ್ ಮೇಲಿನ ಹೂವು ಯಾವುದು ಅಂತ ಹೇಳಿದ್ದೇವೆ ಅಷ್ಟೇ, ಅದು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಹಾಗೆಯೇ ಅವರೇ ‘ಕಣ್ಣು ಬಿಡ್ತಿಲ್ಲ, ನೀರು ಸುರೀತಿದೆ, ಏನ್ಮಾಡ್ಲಿ?’ ಅಂತ ಕೇಳಿದರೆ ಅದು ಬೇರೆ ಮಾತು. ಅದಕ್ಕೆ ಹೃದಯದ ಚಿತ್ರ ಉತ್ತರ ಅಲ್ಲ, ರೋಗದ ಹೆಸರೂ ಅಲ್ಲ. ಇವತ್ತೇ ತೆರೆದಿರೋ ಪಶು ಆಸ್ಪತ್ರೆಯ ವಿಳಾಸ ಉತ್ತರ.

ಉಳಿದ ಫೋಟೋಗಳಿಗೆ, ಅಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ, ಬೆಕ್ಕಿನ ಹೆಸರು ಕೇಳಿ.