ಎಣಿಸದೆ ಬರೆದ ಇಪ್ಪತ್ತು

ತಂಗಿಯ ಮಗಳು ನರ್ಸಿಂಗ್ ಸೇರಿದ್ದಳು. ದೀಪ ಬೆಳಗುವ ಸಮಾರಂಭಕ್ಕೆಂದು ಅಂಕಲಿಗೆ ಹೋಗಿದ್ದೆ. ಹೊಸಬರನ್ನು ಸ್ವಾಗತಿಸಲು ಎದ್ದ ಹಿರಿಯ ವಿದ್ಯಾರ್ಥಿನಿ ದೀಪದ ಹಿರಿಮೆ ಹೇಳಲಿಲ್ಲ, ತನ್ನ ತಪ್ಪು ಹೇಳಿದಳು.

“ತಂಗ್ಯಾರ, ಒಂದು ರಾತ್ರಿ ನಾಕು ಮಂದೀ ಉಸಿರು ಎಣಿಸಲಾರದನ ಚಾರ್ಟಿನ್ಯಾಗ 20 ಅಂತ ಬರದಿದ್ದೆ. ಸಿಸ್ಟರ್ ಬಂದು ಎಣಿಸಿದ್ರು. ಮೂವರದು ಬರೋಬ್ಬರಿ ಇತ್ತು, ಒಬ್ಬ ಅಜ್ಜೀದು 30 ಇತ್ತು.”

ಸುಮ್ಮನೆ ಮಲಗಿದ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ರೋಗ ಉಲ್ಬಣಿಸಿದಾಗ ಎಷ್ಟೋ ಸಲ ರಕ್ತದೊತ್ತಡ ಇಳಿಯುವ ಮೊದಲೇ ಉಸಿರು ಏರುತ್ತದೆ. ಅದನ್ನು ಪೂರಾ ಒಂದು ನಿಮಿಷ ಎಣಿಸಬೇಕು. ಆ ನಿಮಿಷ ಉಳಿಸಲೆಂದೇ ಈ 20. ಎಲ್ಲ ಹಾಸಿಗೆಗೂ ಅದೇ ಅಂಕಿ ಇದ್ದರೆ ಯಾರೂ ಎಣಿಸಿಲ್ಲವೆಂದು ಅನುಮಾನಪಡಬೇಕು.

ಎಣಿಸುವುದು ತಿಳಿದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಅದಕ್ಕೇ ನರ್ಸ್ ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದೇ ಎದೆಯ ಏರಿಳಿತ ಎಣಿಸುತ್ತಾಳೆ. ಇದೂ ಮರೆಮಾಚುವುದೇ ಅಲ್ಲವೆ? ಹೌದು, ಆದರೆ ಇದು ನಿಜ ತಿಳಿಯಲಿಕ್ಕೆ, ಅದು ನಿಜ ಮುಚ್ಚಲಿಕ್ಕೆ.

“ಅಜ್ಜಿ ಆರಾಮಾಗಿ ಮನೀಗೆ ಹೋದ್ಲು. ಹಂಗಂತ ನಂದು ತಪ್ಪಲ್ಲೇನು?” ಎಂದಳು ಹುಡುಗಿ.

ನನ್ನನ್ನು ಕಾಡಿದ್ದು ಅಜ್ಜಿಯಲ್ಲ, ಉಳಿದ ಮೂವರು. ಅವರ ಅಂಕಿ ಸರಿಯಾಗಿಯೇ ಇತ್ತು. ಆದರೂ ಎಣಿಸದೆ ಬರೆದದ್ದರಿಂದ ಅದೂ ಸುಳ್ಳೇ. 1893ರಲ್ಲಿ ಡೆಟ್ರಾಯಿಟ್‌ನಲ್ಲಿ ರಚನೆಯಾದ ನೈಟಿಂಗೇಲ್ ಪ್ರತಿಜ್ಞೆಯಲ್ಲಿ ಚಾರ್ಟಿನ ಮಾತಿಲ್ಲ. ಅದನ್ನು ಆ ಹುಡುಗಿ ಸೇರಿಸಿದಳು.