ತೀರ್ಪು ಬರೆಯುವುದು ಕಾನೂನೋ, ನ್ಯಾಯಮೂರ್ತಿಯ ಮನಸ್ಸೋ?

ಒಂದೇ ಕೊಲೆ ಪ್ರಕರಣ, ಮೂವರು ಅಪರಾಧಿಗಳು: ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರ್ಬನ್ಸ್ ಸಿಂಗ್. ಉತ್ತರ ಪ್ರದೇಶದ ಸೆಷನ್ಸ್ ನ್ಯಾಯಾಲಯ 1975ರಲ್ಲಿ ಮೂವರಿಗೂ ಗಲ್ಲು ಶಿಕ್ಷೆ ವಿಧಿಸಿತು. ಅಲಹಾಬಾದ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೂವರೂ ಸುಪ್ರೀಂ ಕೋರ್ಟಿಗೆ ಹೋದರು, ಆದರೆ ಒಟ್ಟಿಗೆ ಹೋಗಲಿಲ್ಲ. ಜೀತಾ ಸಿಂಗ್‌ನ ಅರ್ಜಿ 1976ರಲ್ಲಿ ಒಂದು ಪೀಠದ ಮುಂದೆ ಬಂದು ವಜಾ ಆಯಿತು. ಕಶ್ಮೀರಾ ಸಿಂಗ್‌ನ ಅರ್ಜಿ ಬೇರೆ ಪೀಠಕ್ಕೆ ಹೋಯಿತು. 1977ರಲ್ಲಿ ಅವನ ಗಲ್ಲು ಜೀವಾವಧಿಗೆ ಇಳಿಯಿತು. ಹರ್ಬನ್ಸ್ ಸಿಂಗ್‌ನ ಅರ್ಜಿ ಮೂರನೆಯ ಪೀಠದ ಮುಂದೆ 1978ರಲ್ಲಿ ವಜಾ ಆಯಿತು, 1980ರಲ್ಲಿ ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ರಾಷ್ಟ್ರಪತಿಗಳು ಅವನ ಕ್ಷಮಾದಾನದ ಮನವಿಯನ್ನೂ ತಿರಸ್ಕರಿಸಿದರು.

1981ರ ಅಕ್ಟೋಬರ್ 6ರಂದು ಜೀತಾ ಸಿಂಗ್‌ನನ್ನು ಗಲ್ಲಿಗೇರಿಸಲಾಯಿತು. ಹರ್ಬನ್ಸ್ ಸಿಂಗ್ ಕೊನೆ ಗಳಿಗೆಯಲ್ಲಿ ಹಾಕಿದ ರಿಟ್ ಅರ್ಜಿಯಿಂದ ಅವನ ಗಲ್ಲಿಗೆ ತಡೆ ಸಿಕ್ಕಿತು. 1982ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಒಂದೇ ಕೃತ್ಯದಲ್ಲಿ ಸಮಾನ ಪಾತ್ರವಿದ್ದ ಕಶ್ಮೀರಾ ಸಿಂಗ್ ಬದುಕಿರುವಾಗ ಹರ್ಬನ್ಸ್ ಸಿಂಗ್‌ನನ್ನು ಗಲ್ಲಿಗೇರಿಸುವುದು ಅನ್ಯಾಯವೆಂದು ಹೇಳಿ, ಶಿಕ್ಷೆ ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಜೀತಾ ಸಿಂಗ್ ಅಷ್ಟರಲ್ಲಿ ಸತ್ತು ನಾಲ್ಕು ತಿಂಗಳಾಗಿತ್ತು.

ಇದನ್ನು ಓದಿದ ಯಾರಿಗಾದರೂ ಮೊದಲು ಹೊಳೆಯುವ ಮಾತು ಒಂದೇ: ಎಲ್ಲಾ ಯಾವ ಜಡ್ಜ್ ಸಿಕ್ಕಿದರು ಅನ್ನುವುದರ ಮೇಲೆ ನಿಂತಿದೆ. ಇದೇ ಮಾತನ್ನು ಸಿದ್ಧಾಂತವಾಗಿ ಬೆಳೆಸಿದವರು ಅಮೆರಿಕದ ಕಾನೂನು ವಾಸ್ತವವಾದಿಗಳು. ಆಲಿವರ್ ವೆಂಡೆಲ್ ಹೋಮ್ಸ್ 1897ರಲ್ಲೇ, ಕಾನೂನು ಎಂದರೆ ನ್ಯಾಯಾಲಯಗಳು ಏನು ಮಾಡಲಿವೆ ಎಂಬುದರ ಮುನ್ನಂದಾಜು, ಅಷ್ಟೇ ಎಂದಿದ್ದರು. 1930ರ ಹೊತ್ತಿಗೆ ಜೆರೋಮ್ ಫ್ರಾಂಕ್ ಇನ್ನೂ ಮುಂದೆ ಹೋದರು. ಜಡ್ಜ್ ಮೊದಲು ಒಂದು ತೀರ್ಮಾನಕ್ಕೆ ಬರುತ್ತಾರೆ, ಕಾರಣಗಳನ್ನು ಆಮೇಲೆ ಹುಡುಕುತ್ತಾರೆ ಎಂಬುದು ಅವರ ವಾದ. ಮುಂದೆ ಸ್ವತಃ ನ್ಯಾಯಾಧೀಶರಾಗಿದ್ದಾಗ ಅವರು ಇದನ್ನು ಎರಡು ಸೂತ್ರಗಳಲ್ಲಿ ಇಟ್ಟರು. ಕಾನೂನು ಕಾಲೇಜುಗಳು ಕಲಿಸುವುದು `R × F = D`, ಅಂದರೆ ನಿಯಮ ಮತ್ತು ಸಂಗತಿಗಳು ಸೇರಿದರೆ ತೀರ್ಪು. ನಿಜಕ್ಕೂ ನಡೆಯುವುದು `S × P = D`, ಅಂದರೆ ಜಡ್ಜ್ ಮೇಲೆ ಬೀಳುವ ಪ್ರಚೋದನೆಗಳು ಮತ್ತು ಅವರ ವ್ಯಕ್ತಿತ್ವ ಸೇರಿದರೆ ತೀರ್ಪು.

ಎರಡನೆಯ ಸೂತ್ರ ಕೇಳುವುದಕ್ಕೆ ಚೆನ್ನಾಗಿದೆ. ಪ್ರಶ್ನೆ ಏನೆಂದರೆ, ಒಂದು ನಿರ್ದಿಷ್ಟ ತೀರ್ಪಿನಲ್ಲಿ `P` ಎಷ್ಟು ಕೆಲಸ ಮಾಡಿದೆ ಎಂದು ತಿಳಿಯುವುದು ಹೇಗೆ? ಫಲಿತಾಂಶ ಬೇರೆಯಾಯಿತು ಎಂಬುದಷ್ಟೇ ಸಾಕ್ಷಿಯಾಗುತ್ತದೆಯೇ?

ಹರ್ಬನ್ಸ್ ಸಿಂಗ್ ಪ್ರಕರಣಕ್ಕೇ ಮರಳಿ, ಪೀಠಗಳಲ್ಲಿ ಯಾರಿದ್ದರು ಎಂದು ನೋಡೋಣ. ಜೀತಾ ಸಿಂಗ್‌ನ ಅರ್ಜಿಯನ್ನು 1976ರಲ್ಲಿ ವಜಾ ಮಾಡಿದ ಪೀಠದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದ್ದರು. ನಮ್ಮ ಸುಪ್ರೀಂ ಕೋರ್ಟಿನ ಇತಿಹಾಸದಲ್ಲಿ ಮರಣದಂಡನೆಯ ವಿರುದ್ಧ ಅವರಷ್ಟು ಗಟ್ಟಿಯಾಗಿ ಬರೆದವರು ವಿರಳ. ಎರಡು ವರ್ಷ ಮೊದಲು, 1974ರ ಎಡಿಗ ಅನಮ್ಮ ಪ್ರಕರಣದಲ್ಲಿ, ಒಬ್ಬ ಹೆಣ್ಣುಮಗಳ ಗಲ್ಲನ್ನು ಜೀವಾವಧಿಗೆ ಇಳಿಸಿದ ತೀರ್ಪು ಅವರದೇ. ಅದೇ ಪೀಠದಲ್ಲಿ ಚಂದ್ರಚೂಡ್ ಅವರೂ ಇದ್ದರು. 1982ರಲ್ಲಿ ಹರ್ಬನ್ಸ್ ಸಿಂಗ್‌ನ ಪರವಾಗಿ ಶಿಫಾರಸು ಬರೆದವರೂ ಅವರೇ. ಹೆಸರು ಮುಚ್ಚಿಟ್ಟು, ಒಲವುಗಳನ್ನಷ್ಟೇ ಕೊಟ್ಟು, ಈ ಪೀಠ ಏನು ಮಾಡೀತು ಎಂದು ವಾಸ್ತವವಾದಿಯನ್ನು ಕೇಳಿದ್ದರೆ ಅವನ ಅಂದಾಜು ತಲೆಕೆಳಗಾಗುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಜೀತಾ ಸಿಂಗ್ ಸತ್ತದ್ದು ಯಾವುದರಿಂದ? ಅವನ ಅರ್ಜಿ ಮೊದಲು ಬಂತು. ಆಗ ಹೋಲಿಸಿ ನೋಡಲು ಕಶ್ಮೀರಾ ಸಿಂಗ್‌ನ ತೀರ್ಪು ಇರಲೇ ಇಲ್ಲ. ಆ ತೀರ್ಪು ಬಂದ ಮೇಲೆ ಜೀತಾ ಸಿಂಗ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದ. ಆದರೆ ಮತ್ತೆ ಕೋರ್ಟಿನ ಬಾಗಿಲು ತಟ್ಟಲಿಲ್ಲ, ಕೋರ್ಟೂ ತಾನಾಗಿ ಹಳೆಯ ಕಡತ ತೆಗೆಯಲಿಲ್ಲ. ಹರ್ಬನ್ಸ್ ಸಿಂಗ್‌ನ ಅರ್ಜಿಗಳು ವಜಾ ಆದಾಗಲಂತೂ ಕಶ್ಮೀರಾ ಸಿಂಗ್‌ನ ಶಿಕ್ಷೆ ಇಳಿದು ವರ್ಷಗಳಾಗಿದ್ದವು. ಆ ಸಂಗತಿ ಅಲ್ಲೂ ಲೆಕ್ಕಕ್ಕೆ ಬರಲಿಲ್ಲ. ಒಂದು ಪೀಠಕ್ಕೆ ತಿಳಿದಿದ್ದು ಇನ್ನೊಂದು ಪೀಠಕ್ಕೆ ದಾಟಲಿಲ್ಲ. ಪ್ರಾಜೆಕ್ಟ್ ನಡೆಸುವ ನನ್ನಂಥವರಿಗೆ ಈ ಬಗೆಯ ಎಡವಟ್ಟು ಚೆನ್ನಾಗಿ ಗೊತ್ತು. ಒಂದೇ ಸಮಸ್ಯೆ ಮೂರು ಟಿಕೆಟ್ ಆಗಿ ಮೂರು ತಂಡಕ್ಕೆ ಹೋದರೆ ಮೂರು ಉತ್ತರ ಬರುತ್ತವೆ. ಅದಕ್ಕೆ ಆಯಾ ತಂಡದವರ ಸ್ವಭಾವವನ್ನೇ ಕಾರಣ ಮಾಡಿದರೆ ಮುಂದಿನ ಸಲವೂ ಹಾಗೇ ಆಗುತ್ತದೆ.

ಒಲವು ಎಂದು ಕಂಡದ್ದು ಸರದಿಯ ಆಟವಾಗಿರಬಹುದು ಎಂಬುದಕ್ಕೆ ಇನ್ನೊಂದು ಪ್ರಸಿದ್ಧ ಉದಾಹರಣೆ ಇದೆ. 2011ರಲ್ಲಿ ಇಸ್ರೇಲಿನ ಪೆರೋಲ್ ಅರ್ಜಿಗಳ ಬಗ್ಗೆ ಒಂದು ಅಧ್ಯಯನ ಬಂತು. ಎಂಟು ನ್ಯಾಯಾಧೀಶರ ಸಾವಿರಕ್ಕೂ ಹೆಚ್ಚು ತೀರ್ಮಾನಗಳನ್ನು ಅದು ನೋಡಿತ್ತು. ಊಟ ಅಥವಾ ತಿಂಡಿಯ ಬಿಡುವಾದ ಕೂಡಲೇ ಸುಮಾರು ಶೇಕಡಾ 65ರಷ್ಟು ಅರ್ಜಿಗಳಿಗೆ ಅನುಕೂಲದ ಉತ್ತರ ಸಿಗುತ್ತಿತ್ತು. ಮುಂದಿನ ಬಿಡುವು ಹತ್ತಿರವಾದಂತೆ ಆ ಪ್ರಮಾಣ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತಿತ್ತು. ಜಡ್ಜ್ ಬೆಳಗ್ಗೆ ಏನು ತಿಂದರು ಎಂಬುದೇ ನ್ಯಾಯ ಎಂದು ವಾಸ್ತವವಾದಿಗಳ ಹೆಸರಲ್ಲಿ ಹೇಳುವ ಹಳೆಯ ಕುಚೋದ್ಯಕ್ಕೆ ಅಂಕಿ ಅಂಶ ಸಿಕ್ಕಂತಾಯಿತು.

ಆದರೆ ಅದೇ ವರ್ಷ ಬೇರೆ ಸಂಶೋಧಕರು ಆ ಅರ್ಜಿಗಳು ಯಾವ ಕ್ರಮದಲ್ಲಿ ಬರುತ್ತಿದ್ದವು ಎಂದು ವಿಚಾರಿಸಿದರು. ಕ್ರಮ ಯಾದೃಚ್ಛಿಕವಾಗಿರಲಿಲ್ಲ. ವಕೀಲರಿಲ್ಲದ ಕೈದಿಗಳ ಅರ್ಜಿಗಳು ಸಾಮಾನ್ಯವಾಗಿ ಬಿಡುವಿಗೆ ಮುಂಚಿನ ಕೊನೆಯ ಸರದಿಯಲ್ಲಿ ಬರುತ್ತಿದ್ದವು, ಅಂಥ ಅರ್ಜಿಗಳು ಯಾವ ಹೊತ್ತಿನಲ್ಲಿ ಬಂದರೂ ಸೋಲುವುದು ಹೆಚ್ಚು. 2016ರಲ್ಲಿ ಮತ್ತೊಬ್ಬ ಸಂಶೋಧಕ ಇನ್ನೊಂದು ಸಾಧ್ಯತೆ ತೋರಿಸಿದರು. ಪೆರೋಲ್ ಕೊಡುವ ತೀರ್ಮಾನಕ್ಕೆ ಹೆಚ್ಚು ಸಮಯ ಬೇಕು; ಬಿಡುವಿಗೆ ಸ್ವಲ್ಪವೇ ಹೊತ್ತು ಉಳಿದಾಗ ಉದ್ದದ ಪ್ರಕರಣವನ್ನು ಯಾರೂ ಶುರುಮಾಡುವುದಿಲ್ಲ. ಅಷ್ಟರಿಂದಲೇ ಆ ಇಳಿಜಾರಿನ ದೊಡ್ಡ ಪಾಲು ತಾನಾಗಿ ಮೂಡಬಲ್ಲದು. ಹಸಿವು ಏನೂ ಮಾಡುವುದಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಹಸಿವಿನ ಮೇಲೆ ಹೊರಿಸಿದ್ದೆಲ್ಲ ಹಸಿವಿನದಲ್ಲ.

ಇಷ್ಟು ಹೇಳಿ ಒಲವಿನ ವಾದವನ್ನು ತಳ್ಳಿಹಾಕಿದರೆ ಅದೂ ಮೋಸವೇ. ಒಲವನ್ನು ನೇರವಾಗಿ ಹಿಡಿಯಬೇಕಾದರೆ ಕಡತ ಒಂದೇ ಇರಬೇಕು, ಸಂಗತಿ ಒಂದೇ ಇರಬೇಕು, ವಾದ ಒಂದೇ ಇರಬೇಕು, ಜಡ್ಜ್ ಮಾತ್ರ ಬೇರೆಯಿರಬೇಕು. ಅಂಥ ಪ್ರಕರಣವೂ ಇದೆ, ಅದು ಬೆಂಗಳೂರಿನದು. ಪತ್ನಿಯ ಕೊಲೆಗಾಗಿ ಸ್ವಾಮಿ ಶ್ರದ್ಧಾನಂದನಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಕರ್ನಾಟಕ ಹೈಕೋರ್ಟ್ ಒಪ್ಪಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದೇ ಪೀಠದಲ್ಲಿ ಕೂತು ಮೇಲ್ಮನವಿಯನ್ನು ಕೇಳಿದರು. ಅವನು ತಪ್ಪಿತಸ್ಥ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಶಿಕ್ಷೆಯ ಬಗ್ಗೆ ಮಾತ್ರ ಎಸ್.ಬಿ. ಸಿನ್ಹಾ ಜೀವಾವಧಿ ಎಂದರು, ಮಾರ್ಕಂಡೇಯ ಕಟ್ಜು ಗಲ್ಲು ಎಂದರು.

ಪ್ರಕರಣ ಮೂವರ ಪೀಠಕ್ಕೆ ಹೋಯಿತು. 2008ರಲ್ಲಿ ನ್ಯಾಯಮೂರ್ತಿ ಅಫ್ತಾಬ್ ಆಲಂ ಬರೆದ ತೀರ್ಪು ಗಲ್ಲನ್ನು ಕೈಬಿಟ್ಟು, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಿತು. ಆ ತೀರ್ಪಿನಲ್ಲಿ ಒಂದು ಅಪರೂಪದ ಒಪ್ಪಿಗೆ ಇದೆ: ಗಲ್ಲು ಉಳಿಯುವುದು ಅಥವಾ ಇಳಿಯುವುದು ಬಹುಮಟ್ಟಿಗೆ ಪೀಠದಲ್ಲಿರುವ ನ್ಯಾಯಮೂರ್ತಿಗಳ ವೈಯಕ್ತಿಕ ಒಲವನ್ನು ಅವಲಂಬಿಸಿದೆ ಎಂದು ನ್ಯಾಯಾಲಯವೇ ಹೇಳಿಕೊಂಡಿತು. ಇನ್ನೊಬ್ಬ ಹಿರಿಯರು ಇದನ್ನು ಮೊದಲೇ ಹೇಳಿದ್ದರು. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಮರಣದಂಡನೆಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿದು, ಅದನ್ನು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಸೀಮಿತಗೊಳಿಸಿದರು. ಒಬ್ಬರೇ ಭಿನ್ನಮತ ತಾಳಿದ ಪಿ.ಎನ್. ಭಗವತಿ 1982ರಲ್ಲಿ ತಮ್ಮ ಕಾರಣಗಳನ್ನು ಬರೆದಾಗ, ಹರ್ಬನ್ಸ್ ಸಿಂಗ್ ಪ್ರಕರಣವನ್ನೇ ಎತ್ತಿ ತೋರಿಸಿದರು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಿನ್ಹಾ ಮತ್ತು ಕಟ್ಜು ತಪ್ಪಿತಸ್ಥ ಹೌದೋ ಅಲ್ಲವೋ ಎಂಬಲ್ಲಿ ಬೇರೆಯಾಗಲಿಲ್ಲ. ಅಲ್ಲಿ ಸಾಕ್ಷ್ಯ ಕಾಯಿದೆ ಇದೆ, ಏನನ್ನು ಎಷ್ಟು ಸಾಬೀತು ಮಾಡಬೇಕೆಂಬ ಅಳತೆ ಇದೆ. ‘ಅಪರೂಪದಲ್ಲಿ ಅಪರೂಪ’ ಎಂಬ ಮಾತಿಗೆ ಬಂದಾಗ ಬೇರೆಯಾದರು, ಏಕೆಂದರೆ ಅಲ್ಲಿ ಅಳತೆಗೋಲೇ ಸಡಿಲ. ನಿಯಮ ಎಷ್ಟು ಜಾಗ ಬಿಡುತ್ತದೋ ಅಷ್ಟು ಜಾಗದಲ್ಲಿ ಒಲವು ಬಂದು ಕೂರುತ್ತದೆ. ಫ್ರಾಂಕ್ ಅವರ ಸೂತ್ರದಲ್ಲಿ `R` ಅಳಿಸಿ `P` ಬರೆದದ್ದೇ ತೊಡಕು. ಎರಡೂ ಇರುತ್ತವೆ, ಯಾವುದು ಎಷ್ಟು ಎಂಬುದು ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ. ಇನ್ನೊಂದು ಮಾತು: ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗುವುದು ಹೆಚ್ಚಾಗಿ ಎರಡೂ ಕಡೆ ವಾದ ಉಳಿದಿರುವ ಪ್ರಕರಣಗಳು. ಕಾನೂನು ಸ್ಪಷ್ಟವಿದ್ದ ಕಡೆ ಜನ ವಕೀಲರ ಕಚೇರಿಯಲ್ಲೇ ಕೇಸು ಕೈಬಿಡುತ್ತಾರೆ. ಮೇಲಿನ ಕೋರ್ಟನ್ನಷ್ಟೇ ನೋಡಿ ಕಾನೂನಿಗೆ ಹಿಡಿತವೇ ಇಲ್ಲ ಎನ್ನುವುದು, ಐಸಿಯುನಲ್ಲಿ ನಿಂತು ಊರಿನ ಆರೋಗ್ಯ ಅಳೆದಂತೆ.

ಕೊನೆಯದು ಸ್ವಲ್ಪ ಆಳದ ತೊಡಕು. ಕಾನೂನು ಎಂದರೆ ಜಡ್ಜ್ ಏನು ಮಾಡುತ್ತಾರೆ ಎಂಬುದರ ಅಂದಾಜು ಎಂದು ಹೋಮ್ಸ್ ಹೇಳಿದ್ದು ಕಕ್ಷಿದಾರನಿಗೆ, ವಕೀಲನಿಗೆ ಸರಿ. ಆದರೆ ಪೀಠದಲ್ಲಿ ಕೂತ ಜಡ್ಜ್‌ಗೆ ಅದರಿಂದ ಏನು ಸಿಗುತ್ತದೆ? ತಾನು ಏನು ಮಾಡುತ್ತೇನೆ ಎಂದು ತನ್ನನ್ನೇ ಅಂದಾಜು ಮಾಡಿಕೊಂಡು ತೀರ್ಪು ಕೊಡಲಾಗುವುದಿಲ್ಲ. ಏನು ಮಾಡಬೇಕು ಎಂದೇ ಅವರು ಕೇಳಿಕೊಳ್ಳಬೇಕು. 1982ರಲ್ಲಿ ಚಂದ್ರಚೂಡ್ ಕೇಳಿಕೊಂಡದ್ದು ಅದನ್ನೇ. ಸಮಾನ ಪಾತ್ರದವರಿಗೆ ಸಮಾನ ಶಿಕ್ಷೆ ಎಂಬ ತತ್ವ ಅವರ ಮುಂದಿತ್ತು. ಅದರ ಬೆಳಕಿನಲ್ಲಿ ಮಾತ್ರ ಆದದ್ದು ಅನ್ಯಾಯವಾಗಿ ಕಂಡಿತು. ಕಾನೂನು ಬರೀ ಒಲವಾಗಿದ್ದರೆ ಮೂರು ಪೀಠ, ಮೂರು ಒಲವು, ಮೂರು ಫಲ. ಅಲ್ಲಿ ತಪ್ಪೆಂದು ದೂರಲು ಏನೂ ಇರುತ್ತಿರಲಿಲ್ಲ. ‘ಜಡ್ಜ್‌ಗಳ ಒಲವಿನಿಂದ ಅನ್ಯಾಯವಾಯಿತು’ ಎಂದು ಹೇಳುವವನು ಒಲವನ್ನು ಮೀರಿದ ಒಂದು ಅಳತೆಯನ್ನು ಆಗಲೇ ಒಪ್ಪಿಕೊಂಡಿರುತ್ತಾನೆ.

ವಾಸ್ತವವಾದದಿಂದ ಕಲಿಯಬೇಕಾದದ್ದನ್ನು ಕಲಿತದ್ದೂ ಉಂಟು. 2014ರ ಮೊಹಮ್ಮದ್ ಆರಿಫ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗಲ್ಲಿನ ಪ್ರಕರಣಗಳನ್ನು ಕನಿಷ್ಠ ಮೂವರು ನ್ಯಾಯಮೂರ್ತಿಗಳು ಕೇಳಬೇಕು, ಮರುಪರಿಶೀಲನಾ ಅರ್ಜಿಗೆ ತೆರೆದ ನ್ಯಾಯಾಲಯದಲ್ಲಿ ಮೌಖಿಕ ವಾದಕ್ಕೆ ಅವಕಾಶ ಕೊಡಬೇಕು ಎಂದಿತು. ಮನಸ್ಸುಗಳು ಬೇರೆಬೇರೆ ಎಂದು ಒಪ್ಪಿಕೊಂಡು, ಒಂದೇ ಮನಸ್ಸಿನ ಮೇಲೆ ಜೀವ ನಿಲ್ಲದಂತೆ ನೋಡುವ ವ್ಯವಸ್ಥೆ ಇದು. ಆದರೂ ಇದರ ಮಿತಿ ಕಣ್ಣೆದುರಿಗೇ ಇದೆ. ಜೀತಾ ಸಿಂಗ್‌ನ ಅರ್ಜಿಯನ್ನು ವಜಾ ಮಾಡಿದ ಪೀಠದಲ್ಲೂ ಮೂವರಿದ್ದರು. ಒಬ್ಬರು ಗಲ್ಲನ್ನು ವಿರೋಧಿಸುತ್ತಿದ್ದವರು, ಇನ್ನೊಬ್ಬರು ಅವನ ಜೊತೆಗಾರನನ್ನು ಮುಂದೆ ಉಳಿಸಿದವರು.